ಹದಿಮೂರು ಸೆಂಟಿಮೀಟರ್

ಕೆರೆಯ ನೀರು ಬಳಕೆದಾರರ ಸಂಘದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪಟ್ಟಿಯಕ್ಕ ಎಂದೇ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಸಂಘದ ಕಚೇರಿಯ ಬಾಗಿಲ ಪಕ್ಕದ ಹಲಗೆಗೆ ಮುಂದಿನ ವಾರದ ನೀರಿನ ಪಟ್ಟಿ ಅಂಟಿಸುತ್ತಿದ್ದವಳು ಅವಳು. ಯಾವ ದಿನ, ಯಾವ ಗಂಟೆಗೆ, ಯಾವ ಕಾಲುವೆಗೆ, ಎಷ್ಟು ಹೊತ್ತು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೆ ಅಂಟಿಸಿದ್ದಳು. ಮೊಣಕಾಲು ಸವೆದಿತ್ತು, ಕನ್ನಡಕದ ನಂಬರು ನಾಲ್ಕು ಸಲ ಬದಲಾಗಿತ್ತು. ಮನೆಯಲ್ಲಿ ಅತ್ತೆ ಆಗಾಗ, "ಊರಿಗೆಲ್ಲ ನೀರು ಹಂಚೋಳು, ನನಗೊಂದು ಲೋಟ ಬಿಸಿನೀರು ಕೊಡೋಕೆ ಹೊತ್ತಿಲ್ಲ" ಎಂದು ಗೊಣಗುತ್ತಿದ್ದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬಿಸಿನೀರು ಕೊಟ್ಟೇ ಹೊರಡುತ್ತಿದ್ದಳು.

ಪಟ್ಟಿ ಮಾಡುವ ಕೆಲಸ ನೋಡುವವರಿಗೆ ಸುಲಭ. ಕಚೇರಿಯ ಹಿಂದಿನ ಬಯಲಲ್ಲಿ ಮಳೆ ಅಳೆಯುವ ಡಬ್ಬಿ ಇತ್ತು. ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಎಷ್ಟು ಮಿಲಿಮೀಟರ್ ಎಂದು ಬರೆಯಬೇಕು. ಅದರ ಪಕ್ಕದ ಅಗಲ ತಟ್ಟೆಯಲ್ಲಿ ನೀರು ದಿನಕ್ಕೆ ಎಷ್ಟು ಆರುತ್ತದೆ ಎಂದು ನೋಡಬೇಕು. ಅದರಿಂದ ಬೆಳೆ ದಿನಕ್ಕೆ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಬೇಕು. ಮೊಳಕೆಯಾದ ಮುಸುಕಿನ ಜೋಳಕ್ಕೆ ಒಂದು ಲೆಕ್ಕ, ತೆನೆಯ ತುದಿಯಲ್ಲಿ ರೇಷ್ಮೆಯ ಎಳೆ ಕಾಣಿಸಿಕೊಂಡ ಜೋಳಕ್ಕೆ ಇನ್ನೊಂದು. ಬಿದ್ದ ಮಳೆಯಲ್ಲಿ ಬೇರಿಗೆ ದಕ್ಕಿದ್ದನ್ನಷ್ಟೇ ಕಳೆಯಬೇಕು; ಎರಡು ಮಿಲಿಮೀಟರಿನ ತುಂತುರು ಎಲೆ ಒದ್ದೆ ಮಾಡಿ ಆರಿಹೋಗುತ್ತದೆ, ಅದು ಲೆಕ್ಕಕ್ಕಿಲ್ಲ. ಉಳಿದ ಕೊರತೆಯನ್ನು ಹೊಲದ ವಿಸ್ತಾರಕ್ಕೆ ಗುಣಿಸಿ, ಕಾಲುವೆಯಲ್ಲಿ ಇಂಗಿಹೋಗುವ ಪಾಲನ್ನು ಸೇರಿಸಿದರೆ ತೂಬಿನಿಂದ ಬಿಡಬೇಕಾದ ನೀರು ಸಿಗುತ್ತದೆ. ಕೊನೆಗೆ ಕೆರೆಯಲ್ಲಿ ಅಷ್ಟು ಇದೆಯೇ ಎಂದು ನೋಡಬೇಕು. ಅದಕ್ಕೆ ಕೆರೆಯೊಳಗೆ ಅಳತೆಯ ಕಂಬ ನಿಂತಿತ್ತು, ಕಚೇರಿಯ ಗೋಡೆಯಲ್ಲಿ ಚೌಕಟ್ಟು ಹಾಕಿದ ಕೋಷ್ಟಕ ತೂಗುತ್ತಿತ್ತು. ಕಂಬದಲ್ಲಿ ಇಷ್ಟು ಎತ್ತರವಿದ್ದರೆ ಕೆರೆಯಲ್ಲಿ ಇಷ್ಟು ಘನ ಮೀಟರ್ ನೀರು ಎಂದು ಕೋಷ್ಟಕ ಹೇಳುತ್ತಿತ್ತು. ಅವಳು ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿತ್ತು.

ಆ ಶನಿವಾರ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಅವಳೂ ನೀರುಗಂಟಿಯೂ ನಿಂತಿದ್ದರು. ತೂಬು ತೆರೆದು ಮುಚ್ಚುವ ಕೆಲಸ ಆತನದು. ವಯಸ್ಸು ಅರವತ್ತರ ಹತ್ತಿರ, ಮಾತು ಕಡಿಮೆ. ಅವಳು ಅಣ್ಣ ಎನ್ನುತ್ತಿದ್ದಳು, ಅವನು ತಂಗಿ ಎನ್ನುತ್ತಿದ್ದ. ಪಟ್ಟಿಯಂತೆ ಬಿಟ್ಟ ನೀರನ್ನು ಕಳೆದರೆ ಕಂಬದಲ್ಲಿ ಮಟ್ಟ ಎರಡು ಮೀಟರ್ ನಲವತ್ಮೂರು ಸೆಂಟಿಮೀಟರಿನಲ್ಲಿ ಇರಬೇಕಿತ್ತು. ಇದ್ದದ್ದು ಎರಡು ಮೀಟರ್ ಮೂವತ್ತರಲ್ಲಿ.

ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹದಿಮೂರು ಸೆಂಟಿಮೀಟರ್ ಕಡಿಮೆ. ಹಿಂದಿನ ವಾರ ಒಂಬತ್ತು ಕಡಿಮೆಯಿತ್ತು, ಅದರ ಹಿಂದಿನ ವಾರ ಐದು. ಐದನ್ನು ಅವಳು ಬಿಸಿಲಿನ ತಲೆಗೆ ಕಟ್ಟಿದ್ದಳು. ಒಂಬತ್ತಕ್ಕೆ ಕಾರಣ ಹುಡುಕಲು ಮೈಯಲ್ಲಿ ಕಸುವಿರಲಿಲ್ಲ. ಆ ವಾರ ಅತ್ತೆಗೆ ಜ್ವರ ಬಂದು, ಹಗಲೆಲ್ಲ ಕಚೇರಿ, ಸಂಜೆಯೆಲ್ಲ ಆಸ್ಪತ್ರೆ ಆಗಿತ್ತು. ಈಗ ಹದಿಮೂರು.

"ನೀನು ಹೇಳಿದಷ್ಟೇ ಬಿಟ್ಟಿದೀನಿ, ತಂಗಿ," ಎಂದ ನೀರುಗಂಟಿ. ಅವಳು ಕೇಳಿರಲಿಲ್ಲ. ಕೇಳದೆಯೇ ಅವನು ಹೇಳಿದ್ದು ಅವಳಿಗೆ ಸರಿಬರಲಿಲ್ಲ.

ಊರಿನಲ್ಲಿ ಗಾಳಿಮಾತು ಆಗಲೇ ಎದ್ದಿತ್ತು. ನೀರುಗಂಟಿ ಯಾರಿಗೋ ಕದ್ದು ತೂಬು ಎತ್ತುತ್ತಾನೆ, ಕೆರೆ ಇಷ್ಟು ಬೇಗ ಇಳಿಯಲು ಬೇರೆ ಕಾರಣವೇ ಇಲ್ಲ ಎಂಬ ಮಾತು. ಅದನ್ನು ಜೋರಾಗಿ ಆಡುತ್ತಿದ್ದವನು ಅವಳ ಸ್ವಂತ ತಮ್ಮ. ಕಾಲುವೆಯ ಕೊನೆಯಲ್ಲಿ ಅವನದು ಮೂರೆಕರೆ ಕಡಲೆಕಾಯಿ. ಅಲ್ಲಿ ಅವನೂ ಸೇರಿ ಹನ್ನೆರಡು ಮಂದಿ ಈ ಸಲ ತಡವಾಗಿ ಬಿತ್ತಿದ್ದರು. ಬಿತ್ತುವ ಮೊದಲು ಅವನು ಅಕ್ಕನನ್ನು ಕೇಳಿಯೇ ಬಿತ್ತಿದ್ದ. ಅವಳು ಗೋಡೆಯ ಕೋಷ್ಟಕ ನೋಡಿ, ಕೊನೆಯವರೆಗೂ ನೀರು ಸಾಲುತ್ತದೆ, ಬಿತ್ತು ಎಂದಿದ್ದಳು; ಉಳಿದವರೂ ಅದೇ ಮಾತು ನಂಬಿ ಬಿತ್ತಿದ್ದರು.

ಹನ್ನೊಂದು ಗಂಟೆಗೆ ಕಚೇರಿಗೆ ಅವಳ ತಮ್ಮ ಬಂದ. ಅಧ್ಯಕ್ಷರೂ ಇದ್ದರು. ಅಧ್ಯಕ್ಷರು ಸಾಧು ಮನುಷ್ಯ. ಜಗಳ ಕಂಡರೆ ಫೋನು ಬಂದಂತೆ ಮಾಡಿ ಹೊರಗೆ ಹೋಗುವವರು. ಅಂದು ಹೋಗಲಿಲ್ಲ. ಹದಿಮೂರು ಸೆಂಟಿಮೀಟರಿನ ಸುದ್ದಿ ಕೇಳಿದ ತಮ್ಮನು ಮೇಜು ಗುದ್ದಲಿಲ್ಲ, ಕೂಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದ.

"ಅಕ್ಕ, ತೂಬಿನ ಬೀಗದ ಕೈ ಆ ಮನುಷ್ಯನ ಸೊಂಟದಲ್ಲಿ ಇರೋವರೆಗೂ ನಿನ್ನ ಲೆಕ್ಕ ಯಾವತ್ತೂ ಸರಿಹೋಗಲ್ಲ. ನಿನಗೂ ಅದು ಗೊತ್ತು. ಹೇಳೋಕೆ ನಿನಗೆ ದಾಕ್ಷಿಣ್ಯ."

ಅಧ್ಯಕ್ಷರು, ಒಂದೆರಡು ವಾರ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಯಾರ ಮೇಲೂ ಆರೋಪ ಅಂತ ಅಲ್ಲ, ಜನರ ಬಾಯಿ ಮುಚ್ಚಿಸೋಕೆ ಎಂದರು. ಅವಳು ಇಲ್ಲ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಮನುಷ್ಯ, ಬಿಟ್ಟ ನೀರಿನ ಒಂದು ದಿನದ ಲೆಕ್ಕವನ್ನೂ ತಪ್ಪಿಸಿದವನಲ್ಲ. ಆದರೆ ಸುಸ್ತಾದ ಮನಸ್ಸಿಗೆ ಹತ್ತಿರದ ಉತ್ತರವೇ ಸಾಕೆನಿಸುತ್ತದೆ. ಅವನೇ ಕದ್ದಿದ್ದರೆ ಲೆಕ್ಕ ಸರಿಹೋಯಿತು, ಇನ್ನು ಏನೂ ಹುಡುಕಬೇಕಾಗಿಲ್ಲ. ಅವಳು ಏರಿಗೆ ನಡೆದು ಹೋಗಿ ಬೀಗದ ಕೈ ಕೇಳಿದಳು.

ನೀರುಗಂಟಿ ಅವಳ ಮುಖ ನೋಡಿದ. ಸೊಂಟದ ದಾರ ಬಿಚ್ಚಿ, ಬೀಗದ ಕೈಯನ್ನು ಅವಳ ಅಂಗೈ ಮೇಲೆ ಇಟ್ಟ.

"ತೊಗೋ," ಎಂದ. "ನೀನೂ ಕೇಳ್ತೀಯ ಅಂತ ಅಂದ್ಕೊಂಡಿರಲಿಲ್ಲ."

ಆ ದಿನ ಅವಳು ಪಟ್ಟಿ ಅಂಟಿಸಲಿಲ್ಲ. ಮಧ್ಯಾಹ್ನ ಬೀರುವಿನಿಂದ ಹಳೆಯ ಮಳೆ ಪುಸ್ತಕಗಳನ್ನೂ ಕೆರೆಯ ಮಟ್ಟದ ಪುಸ್ತಕಗಳನ್ನೂ ಇಳಿಸಿ ಮೇಜಿನ ಮೇಲೆ ಹರವಿಕೊಂಡಳು. ಹೋದ ವರ್ಷಗಳಲ್ಲಿ ಯಾವಾಗಿನಿಂದ ಈ ಕಳ್ಳತನ ನಡೆದಿದೆ ಎಂದು ಹುಡುಕುವುದು ಅವಳ ಉದ್ದೇಶವಾಗಿತ್ತು. ಧೂಳಿಗೆ ಸೀನು ಬಂತು. ಪುಟಗಳ ತುಂಬ ಅವಳದೇ ಅಕ್ಷರ. ಮೊದಲ ವರ್ಷಗಳಲ್ಲಿ ದುಂಡಗೆ, ಬರಬರುತ್ತ ಓರೆ.

ನಾಲ್ಕು ಗಂಟೆಯ ಹೊತ್ತಿಗೆ ಒಂದು ಸಾಲು ಕಣ್ಣಿಗೆ ಬಿತ್ತು. ಈ ವರ್ಷ ಮಳೆಗಾಲದ ಆರಂಭದಲ್ಲಿ ಒಂದೇ ದಿನ ಐವತ್ತೆಂಟು ಮಿಲಿಮೀಟರ್ ಮಳೆಯಾಗಿ ಕೆರೆ ಒಂದೂವರೆ ಮೀಟರಿನಿಂದ ಎರಡೂವರೆಗೆ ಏರಿತ್ತು. ಪೂರ್ತಿ ಒಂದು ಮೀಟರ್. ಅಂದು ಸಂಘದವರೆಲ್ಲ ಹಿಗ್ಗಿದ್ದರು. ಕೆರೆಗೆ ಒಳ್ಳೆಯ ಕಾಲ ಬಂತು ಎಂದು ಅಧ್ಯಕ್ಷರು ಎಲ್ಲರಿಗೂ ಟೀ ಕುಡಿಸಿದ್ದರು. ಹದಿನಾರು ವರ್ಷ ಹಿಂದಿನ ಪುಸ್ತಕದಲ್ಲಿ ಅಂಥದೇ ಇನ್ನೊಂದು ದಿನವಿತ್ತು. ಅರವತ್ತು ಮಿಲಿಮೀಟರ್ ಮಳೆ, ಅದೇ ಒಂದೂವರೆ ಮೀಟರಿನಿಂದ ಶುರು, ಹಿಂದಿನ ವಾರವೂ ಹೀಗೇ ನೆಲ ನೆನೆದದ್ದು. ಆಗ ಕೆರೆ ಏರಿದ್ದು ಎಪ್ಪತ್ತು ಸೆಂಟಿಮೀಟರ್ ಮಾತ್ರ.

ಅವಳು ಪೆನ್ನು ಕೆಳಗಿಟ್ಟಳು. ಕಳ್ಳ ಕೆರೆಯನ್ನು ಬೇಗ ಇಳಿಸಬಲ್ಲ. ಬೇಗ ಏರಿಸುವುದು ಯಾವ ಕಳ್ಳನ ಕೈಯಲ್ಲೂ ಇಲ್ಲ. ಹೆಚ್ಚುಕಡಿಮೆ ಅಷ್ಟೇ ನೀರು ಬಂದು ಹೆಚ್ಚು ಎತ್ತರ ಏರಿತು ಎಂದರೆ ಪಾತ್ರೆಯೇ ಕಿರಿದಾಗಿದೆ. ಹೂಳು. ವರ್ಷವರ್ಷವೂ ಮಳೆಯ ಜೊತೆ ಬಂದ ಮಣ್ಣು ಕೆರೆಯ ಹೊಟ್ಟೆಯಲ್ಲಿ ಕೂತಿತ್ತು, ಕೋಷ್ಟಕ ಮಾತ್ರ ಮೂವತ್ತು ವರ್ಷ ಹಿಂದಿನ ಹೊಟ್ಟೆಯನ್ನೇ ಅಳೆಯುತ್ತಿತ್ತು. ಹೂಳು ಕೂತದ್ದು ತಳದಲ್ಲಿ ಹೆಚ್ಚು. ಅದಕ್ಕೇ ನೀರು ತುಂಬಿದ್ದಾಗ ವ್ಯತ್ಯಾಸ ಐದು, ಇಳಿದಂತೆ ಒಂಬತ್ತು, ಹದಿಮೂರು.

ನೀರುಗಂಟಿ ಕದ್ದಿಲ್ಲ ಎನ್ನುವುದಕ್ಕಿಂತ ದೊಡ್ಡದೊಂದು ಆಗ ಅವಳಿಗೆ ಹೊಳೆಯಿತು. ಕೋಷ್ಟಕ ಇದೆ ಎನ್ನುತ್ತಿರುವ ನೀರು ಕೆರೆಯಲ್ಲಿ ಇಲ್ಲ. ಅದನ್ನು ನಂಬಿ ಅವಳು ಹನ್ನೆರಡು ಹೊಲಗಳಿಗೆ ಬೀಜ ಹಾಕಿಸಿದ್ದಳು.

ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬರು ಎಂದು ಅವಳಿಗೆ ಗೊತ್ತಿತ್ತು. ಭಾನುವಾರ ಹೇಗೂ ತೂಬು ಮುಚ್ಚಿರುವ ದಿನ, ಸೋಮವಾರವೂ ಮುಚ್ಚಿಟ್ಟಳು. ದಿನಕ್ಕೆ ಆರು ಮಿಲಿಮೀಟರ್ ಇಳಿಯಿತು, ಬಿಸಿಲಿಗೆ ಆರಿದ್ದು ಮತ್ತು ನೆಲಕ್ಕೆ ಇಂಗಿದ್ದು ಅಷ್ಟೇ. ಎಲ್ಲೂ ಸೋರಿಕೆಯಿಲ್ಲ. ಸುದ್ದಿ ತಿಳಿದ ತಮ್ಮ ನಕ್ಕ. ನೀನು ಕಾವಲು ಕೂತಾಗ ಯಾರು ಕದೀತಾರೆ ಎಂದ. ಅವಳು, ಸರಿ, ನಾಳೆ ಬೆಳಿಗ್ಗೆ ನೀನೂ ಬಂದು ಕೂತ್ಕೋ, ನಿನ್ನ ಕಡೆಯವರನ್ನೂ ಕರಕೊಂಡು ಬಾ, ಪಾಳಿ ಹಾಕಿಕೊಳ್ಳಿ ಎಂದಳು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ತೂಬು ತೆರೆಯಿತು. ಕಾಲುವೆಯ ಮೊದಲಲ್ಲೇ ಕಾಂಕ್ರೀಟಿನ ಕಿರಿದಾದ ಗಂಡಿಯಿತ್ತು. ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂದು ನೋಡಿದರೆ ಸೆಕೆಂಡಿಗೆ ಎಷ್ಟು ಲೀಟರ್ ಎಂದು ತಿಳಿಯುತ್ತದೆ. ಎಂಬತ್ತು ಲೀಟರಿಗೆ ನಿಲ್ಲಿಸಿದರು. ಚಕ್ರ ತಿರುಗಿಸಿದವನು ನೀರುಗಂಟಿಯೇ. ಅವಳು ಬೀಗ ತೆಗೆದುಕೊಟ್ಟಳು, ಅವನು ಅವಳತ್ತ ನೋಡದೆ ತಿರುಗಿಸಿ, ದೂರದ ಕಲ್ಲಿನ ಮೇಲೆ ಹೋಗಿ ಕೂತ. ತಮ್ಮನ ಕಡೆಯವರು ಸರದಿಯ ಮೇಲೆ ಗಂಡಿಯನ್ನೂ ಕಂಬವನ್ನೂ ಕಾದರು, ಗಂಟೆಗೊಮ್ಮೆ ಅವರೇ ಬರೆದರು. ಮರುದಿನ ಬೆಳಿಗ್ಗೆ ಏಳಕ್ಕೆ ಮುಚ್ಚಿದಾಗ ಹೊರಗೆ ಹೋದದ್ದು ಸುಮಾರು ಏಳು ಸಾವಿರ ಘನ ಮೀಟರ್. ಕೋಷ್ಟಕದ ಪ್ರಕಾರ ಕೆರೆ ಏಳು ಸೆಂಟಿಮೀಟರ್ ಇಳಿಯಬೇಕಿತ್ತು. ಇಳಿದಿತ್ತು ಹತ್ತು.

ಹಾಳೆಯ ಮೇಲಿನ ಅಂಕಿಯನ್ನು ತಮ್ಮ ಮತ್ತೆ ಓದಿದ. ಅವನೇ ಬರೆದ ಅಂಕಿ, ಅವನದೇ ಕೈಬರಹ.

"ಹಾಗಾದ್ರೆ ನೀರು ಎಷ್ಟಿದೆ?" ಎಂದು ಕೇಳಿದ.

ಅವಳು ಅದನ್ನು ಆಗಲೇ ಲೆಕ್ಕ ಹಾಕಿದ್ದಳು. ಶನಿವಾರದ ಮಟ್ಟಕ್ಕೆ ಕೋಷ್ಟಕ ಒಂದು ಲಕ್ಷ ಮೂರು ಸಾವಿರ ಘನ ಮೀಟರ್ ಎನ್ನುತ್ತಿತ್ತು. ನಿಜವಾಗಿ ಇದ್ದದ್ದು ಅರವತ್ತೆಂಟು ಸಾವಿರದ ಆಸುಪಾಸು. ಅದರಲ್ಲಿ ಬಿಸಿಲಿಗೆ ಹೋಗುವುದನ್ನೂ ತೂಬಿಗೆ ಎಟುಕದ ತಳದ ಕೆಸರುನೀರನ್ನೂ ಕಳೆದರೆ ಹೊಲಕ್ಕೆ ದಕ್ಕುವುದು ಐವತ್ತನಾಲ್ಕು ಸಾವಿರ, ಅದರಲ್ಲಿ ಈಗ ಬಿಟ್ಟ ಏಳು ಸಾವಿರ ಜೋಳದ ಪಾಲಿಗೆ ಜಮೆಯಾಗಿತ್ತು. ಕೊಯ್ಲಿನವರೆಗೆ ಎಲ್ಲರಿಗೂ ಬೇಕಿದ್ದದ್ದು ತೊಂಬತ್ತೈದು ಸಾವಿರ. ಆಕಾಶದಲ್ಲಿ ಹತ್ತಿಯಂಥ ಮೋಡ ಬಿಟ್ಟರೆ ಏನೂ ಇರಲಿಲ್ಲ.

ಗುರುವಾರ ಸಂಘದ ಸಭೆ ಸೇರಿತು. ಕುರ್ಚಿ ಸಾಲದೆ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು. ಅವಳು ಕೋಷ್ಟಕವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಗುಚಿಟ್ಟಳು. ಹೂಳಿನ ವಿಷಯ ಹೇಳಿದಳು. ಮೊದಲ ವಾರ ಐದು ಸೆಂಟಿಮೀಟರ್ ಕಂಡಾಗಲೇ ತಾನು ಎಚ್ಚೆತ್ತುಕೊಳ್ಳಬೇಕಿತ್ತು, ಎಚ್ಚೆತ್ತುಕೊಳ್ಳಲಿಲ್ಲ ಎಂದೂ ಹೇಳಿದಳು. ನೀರುಗಂಟಿಯ ಮೇಲೆ ಬಂದ ಮಾತಿಗೆ ಆಧಾರವಿಲ್ಲ, ಬೀಗದ ಕೈ ಕೇಳಿದ್ದು ತನ್ನ ತಪ್ಪು ಎಂದಳು. ಸಭೆಯಲ್ಲಿ ನೀರುಗಂಟಿ ಇರಲಿಲ್ಲ. ಹೇಳಿ ಕಳಿಸಿದ್ದರು, ಬಂದಿರಲಿಲ್ಲ.

ಆಮೇಲೆ ಹೊಸ ಪಟ್ಟಿ ಓದಿದಳು. ರೇಷ್ಮೆ ಬಿಡುತ್ತಿದ್ದ ಜೋಳಕ್ಕೆ ಈಗ ಪೂರ್ತಿ ಒಂದು ಸಲದ ನೀರು, ಹತ್ತು ದಿನ ಬಿಟ್ಟು ಅರ್ಧಕ್ಕಿಂತ ತುಸು ಹೆಚ್ಚು. ಕಾಯಿ ತುಂಬುತ್ತಿದ್ದ ಮುಂಚಿನ ಕಡಲೆಕಾಯಿಗೆ ಒಂದು. ತಡವಾಗಿ ಬಿತ್ತಿದ ಹನ್ನೆರಡು ಹೊಲಗಳ ಕಡಲೆಕಾಯಿ ಹೂವಿನಲ್ಲಿತ್ತು. ಹೂವಿನಿಂದ ಇಳಿದು ಮುಂದೆ ಕಾಯಾಗುವ ದಾರದಂಥ ಊಡು ಮಣ್ಣಿಗೆ ಹೊಗಲು ನೆಲ ಮೆತ್ತಗಿರಬೇಕು, ಅದಕ್ಕೆ ಒಂದು. ಆ ಹೊಲಗಳಿಗೆ ಬೇಕಿದ್ದದ್ದು ಮೂರು. ಉಳಿದ ಎರಡು ಇಲ್ಲ.

ಸಭೆಯಲ್ಲಿ ಗದ್ದಲವಾಗಲಿಲ್ಲ. ಗದ್ದಲವಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೊನೆಗೆ ತಮ್ಮ ಎದ್ದು ನಿಂತ.

"ನೀನೇ ಬಿತ್ತು ಅಂದಿದ್ದೆ."

"ಹೌದು. ಅಂದಿದ್ದೆ."

"ಈಗ ನೀನೇ ನನ್ನ ಹೊಟ್ಟೆ ಮೇಲೆ ಬರೆ ಎಳೀತಿದ್ದೀಯ."

"ಜೋಳಕ್ಕೆ ಈ ಎರಡು ವಾರ ನೀರು ತಪ್ಪಿದ್ರೆ ತೆನೆಯಲ್ಲಿ ಕಾಳೇ ಕೂರಲ್ಲ, ಪೂರ್ತಿ ಹೋಗುತ್ತೆ," ಎಂದಳು. ದನಿ ಅವಳಿಗೇ ದೂರದಿಂದ ಕೇಳಿದಂತಿತ್ತು. "ಕಡಲೆಕಾಯಿ ಅಷ್ಟು ಬೇಗ ಸಾಯಲ್ಲ. ಒಂದು ನೀರಿಗೆ ಅರ್ಧವಾದ್ರೂ ಬರುತ್ತೆ. ಕೊನೆಯ ಕಾಲುವೆಗೆ ನೀರು ಮುಟ್ಟೋಷ್ಟರಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಇಂಗುತ್ತೆ. ಬೇರೆ ಥರ ಹಂಚೋಕೆ ನನಗೆ ಬರಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಬಂದ್ರೆ ಇಲ್ಲೇ ಕಾಗದ ಇದೆ, ಬರೀರಿ."

ಯಾರೂ ಬರೆಯಲಿಲ್ಲ. ಅಧ್ಯಕ್ಷರು ಮೊದಲು ಕೈ ಎತ್ತಿದರು. ಜೋಳದವರು ಎತ್ತಿದರು. ಹನ್ನೆರಡರಲ್ಲಿ ನಾಲ್ವರು ಎತ್ತಿದರು. ತಮ್ಮ ಎತ್ತದೆ ಹೊರಗೆ ನಡೆದ.

ಸಭೆ ಮುಗಿದ ಮೇಲೆ ಅವಳು ಬೀಗದ ಕೈ ಹಿಡಿದು ನೀರುಗಂಟಿಯ ಮನೆಗೆ ಹೋದಳು. ಅವನು ಅಂಗಳದಲ್ಲಿ ಸನಿಕೆಗೆ ಹೊಸ ಮರದ ಕಾವು ಕೂರಿಸುತ್ತಿದ್ದ. ಅವನ ಹೆಂಡತಿ ಮಣೆ ಹಾಕಿ, ನೀರು ಕೊಟ್ಟು ಒಳಗೆ ಹೋದರು, ಎಂದಿನಂತೆ ಮಾತಾಡಿಸಲಿಲ್ಲ. ಅವಳು ಸಭೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು. ಅವನು ಕೇಳಿಸಿಕೊಂಡ. ಈ ಬೆಳೆ ಮುಗಿಯುವವರೆಗೆ ಪಟ್ಟಿಯಲ್ಲಿದ್ದಂತೆ ಬಿಡುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಿ ಎಂದ.

"ಸಿಟ್ಟಾ ಅಣ್ಣ?"

"ಸಿಟ್ಟಿಲ್ಲ. ಸಾಕಾಗಿದೆ. ಹಳ್ಳ ಸೇರೋ ಕಡೆ ಮಣ್ಣು ಏರ್ತಾ ಇರೋದು ನಾನು ಕಂಡಿದ್ದೆ, ತಂಗಿ. ಎಮ್ಮೆಗಳು ಈಜ್ತಿದ್ದ ಜಾಗದಲ್ಲಿ ಈಗ ನಿಂತ್ಕೋತವೆ. ನನ್ನ ಯಾರೂ ಕೇಳಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ. ಲೆಕ್ಕ ನಿಂದು, ತೂಬು ನಂದು ಅಂತ ಸುಮ್ನಿದ್ದೆ."

ಅವಳ ಕಣ್ಣು ತುಂಬಿತು. ಅಳಲೂ ತ್ರಾಣವಿರಲಿಲ್ಲ, ಲೋಟದ ನೀರು ಕುಡಿದು ಮುಗಿಸಿದಳು. ಇಪ್ಪತ್ತೆರಡು ವರ್ಷ ವಾರವಾರವೂ ಅದೇ ಏರಿಯ ಮೇಲೆ ಅವನ ಪಕ್ಕ ನಿಂತು, ಕಂಬದ ಅಂಕಿಯೊಂದನ್ನು ಬಿಟ್ಟು ಬೇರೆ ಏನನ್ನೂ ಕೇಳಿರಲಿಲ್ಲ.

ಮುಂದಿನ ವಾರಗಳು ಪಟ್ಟಿಯಂತೆಯೇ ನಡೆದವು. ನೀರುಗಂಟಿ ಹೇಳಿದ ಗಂಟೆಗೆ ತೆರೆದ, ಹೇಳಿದ ಗಂಟೆಗೆ ಮುಚ್ಚಿದ. ಮಳೆ ಡಬ್ಬಿಯಲ್ಲಿ ಒಂದು ಬೆಳಿಗ್ಗೆ ಹನ್ನೊಂದು ಮಿಲಿಮೀಟರ್ ಸಿಕ್ಕಿತು. ಅವಳು ಬೇರಿಗೆ ದಕ್ಕುವ ಪಾಲು ಲೆಕ್ಕ ಹಾಕಿ, ಜೋಳದ ಎರಡನೆಯ ನೀರಿನಲ್ಲಿ ಅಷ್ಟನ್ನು ಕಳೆದು, ಉಳಿಸಿದ ನೀರನ್ನು ಕೊನೆಯ ಕಾಲುವೆಗೆ ಬಿಡಿಸಿದಳು. ಅದು ಹನ್ನೆರಡು ಹೊಲಗಳಲ್ಲಿ ಐದನ್ನು ಮುಟ್ಟಿತು. ತಮ್ಮನ ಹೊಲ ಆರನೆಯದು. ಜೋಳದವರ ತೆನೆ ತುಂಬಿತು. ತಡವಾಗಿ ಬಿತ್ತಿದವರ ಕಡಲೆಕಾಯಿ ಅರ್ಧಕ್ಕಿಂತ ಕಡಿಮೆ ಬಂತು. ತಮ್ಮನಿಗೆ ಮೂರೆಕರೆಯಿಂದ ಏಳು ಚೀಲ, ಅದರಲ್ಲೂ ಜೊಳ್ಳು. ಅವನು ಅಕ್ಕನ ಮನೆಯ ಮುಂದೆ ಗಾಡಿ ಹೊಡೆದುಕೊಂಡು ಹೋದ, ತಲೆ ತಿರುಗಿಸಲಿಲ್ಲ. ನಿನ್ನ ತಮ್ಮ ಯಾಕೆ ಬರ್ತಿಲ್ಲ ಎಂದು ಅತ್ತೆ ನಾಲ್ಕು ಸಲ ಕೇಳಿದರು. ಕೆಲಸ ಇರಬೇಕು ಎಂದು ನಾಲ್ಕು ಸಲವೂ ಹೇಳಿದಳು.

ಬೇಸಿಗೆಯಲ್ಲಿ ಇಲಾಖೆಯವರು ದೋಣಿ ತಂದು, ಉದ್ದಕ್ಕೂ ಅಡ್ಡಕ್ಕೂ ಹಗ್ಗ ಬಿಟ್ಟು ಕೆರೆಯ ಆಳ ಅಳೆದರು, ಬಯಲಾದ ಭಾಗವನ್ನು ನಡೆದು ಅಳೆದರು. ಮೂರರಲ್ಲಿ ಒಂದು ಪಾಲು ಹೂಳಿಗೆ ಹೋಗಿದೆ ಎಂದು ಬರೆದುಕೊಟ್ಟು ಹೊಸ ಕೋಷ್ಟಕ ಮಾಡಿಕೊಟ್ಟರು. ಹೂಳು ತೆಗೆಯುವುದು ಯಾವಾಗ ಎಂದು ಕೇಳಿದ್ದಕ್ಕೆ, ಅದು ಬೇರೆ ವಿಭಾಗ ಎಂದರು. ನೀರುಗಂಟಿಯ ಜಾಗಕ್ಕೆ ಬೇರೊಬ್ಬ ಬಂದ. ಮಾತುಗಾರ ಮನುಷ್ಯ. ಅವಳು ಏರಿಗೆ ಹೋದಾಗಲೆಲ್ಲ, ಈ ವಾರ ಏನು ಕಂಡೆ ಎಂದು ಅವನನ್ನು ಕೇಳುವುದನ್ನು ರೂಢಿ ಮಾಡಿಕೊಂಡಳು. ಅವನು ಕಂಡದ್ದು, ಕಾಣದ್ದು ಎರಡನ್ನೂ ಹೇಳುತ್ತಿದ್ದ. ಕೇಳಿಸಿಕೊಳ್ಳುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಆದರೂ ನಿಂತು ಕೇಳುತ್ತಿದ್ದಳು.

ಮತ್ತೆ ಬಿತ್ತನೆ ಹತ್ತಿರ ಬಂದ ಒಂದು ಬೆಳಿಗ್ಗೆ ಅವಳು ಕಚೇರಿಯಲ್ಲಿ ಮಳೆ ಪುಸ್ತಕದಲ್ಲಿ ಸೊನ್ನೆ ಬರೆಯುತ್ತಿದ್ದಾಗ ತಮ್ಮ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಕೂದಲು ಇನ್ನಷ್ಟು ನೆರೆತಿತ್ತು. ಸ್ವಲ್ಪ ಹೊತ್ತು ಗೋಡೆಯ ಹೊಸ ಕೋಷ್ಟಕ ನೋಡಿದ. ಅತ್ತೆಯ ಆರೋಗ್ಯ ವಿಚಾರಿಸಿದ. ಆಮೇಲೆ, ಏನು ಬಿತ್ತಲಿ ಎಂದು ಕೇಳಿದ.

ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು.

"ಇವತ್ತು ಹೇಳಲ್ಲ," ಎಂದಳು. "ಕೆರೆ ಒಂದು ಮೀಟರ್ ಎಂಬತ್ತರಲ್ಲಿದೆ. ಇನ್ನೊಂದು ದೊಡ್ಡ ಮಳೆ ಬರಲಿ, ಎಷ್ಟು ಏರುತ್ತೆ ನೋಡಿ ಹೇಳ್ತೀನಿ. ಬರಲಿಲ್ಲ ಅಂದ್ರೆ ಒಂದೂವರೆ ಎಕರೆ ಬಿತ್ತು, ಉಳಿದದ್ದು ಹಾಗೇ ಬಿಡು."

ಅವನು ತಲೆಯಾಡಿಸಿದ. ಎದ್ದು ಹೋಗಲಿಲ್ಲ. ಅವಳು ಪುಸ್ತಕ ಮುಚ್ಚಿ, ಫ್ಲಾಸ್ಕಿನ ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿದಳು. ಇಬ್ಬರೂ ಕುಡಿದರು.